ಫೆಬ್ರವರಿಯ ಅವಸರದ ಪಾಲಿಸಿ: 80ಸಿಗೆ ನಿಮಗೆ ಇನ್ನೆಷ್ಟು ಹಣ ಬೇಕು?

ಜನವರಿ ಮುಗಿಯುತ್ತಿದ್ದ ಹಾಗೆ ಆಫೀಸಿನ ಲೆಕ್ಕಪತ್ರ ವಿಭಾಗದಿಂದ "ಹೂಡಿಕೆಯ ದಾಖಲೆ ಕೊಡಿ" ಎಂಬ ನೋಟಿಸ್ ಬರುತ್ತದೆ. ಅದೇ ವಾರ ಪರಿಚಯದ ಏಜೆಂಟರ ಫೋನೂ ಬರುತ್ತದೆ. ಹೂಟಗಳ್ಳಿಯ ಕಾರ್ಖಾನೆಯವರಾಗಲಿ, ಮಂಡ್ಯದ ಶಾಲಾ ಶಿಕ್ಷಕರಾಗಲಿ, ಓದುಗರು ಕೇಳುವ ಪ್ರಶ್ನೆ ಒಂದೇ: "ಟ್ಯಾಕ್ಸ್ ಉಳಿಸೋಕೆ ಯಾವ ಪಾಲಿಸಿ ಮಾಡಿಸಲಿ?" ಇದಕ್ಕೆ ಉತ್ತರ ಹುಡುಕುವ ಮೊದಲು ಎರಡು ವಿಷಯ ತಿಳಿಯಬೇಕು. ಈ ವರ್ಷ ನಿಮಗೆ ಉಳಿಸಲು ತೆರಿಗೆ ಇದೆಯೇ? ಇದ್ದರೆ 80ಸಿಯಲ್ಲಿ ಇನ್ನೆಷ್ಟು ಜಾಗ ಖಾಲಿ ಇದೆ? ಬಹಳ ಜನರಿಗೆ ಮೊದಲನೆಯದಕ್ಕೇ "ಇಲ್ಲ" ಎಂಬ ಉತ್ತರ ಬರುತ್ತದೆ, ಆದರೂ ಪಾಲಿಸಿ ಮಾಡಿಸಿರುತ್ತಾರೆ.

ಇಲ್ಲಿನ ತೆರಿಗೆ ಲೆಕ್ಕವೆಲ್ಲ 2025-26ನೇ ಆರ್ಥಿಕ ವರ್ಷದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾದರೂ ಜನರ ಬಾಯಲ್ಲಿ ಅದು 80ಸಿಯೇ. ಇಲ್ಲಿಯೂ ಅದನ್ನೇ ಬಳಸಿದೆ.

ಕೈಗೆ ಬೇಕಾದ್ದು ಇಷ್ಟು: ಇತ್ತೀಚಿನ ಸಂಬಳದ ಚೀಟಿ, ಮನೆ ಸಾಲವಿದ್ದರೆ ಬ್ಯಾಂಕಿನ ಬಡ್ಡಿ-ಅಸಲು ಪ್ರಮಾಣಪತ್ರ, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಈಗಾಗಲೇ ಇರುವ ಪಾಲಿಸಿಗಳ ಬಾಂಡ್. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಒಂದು ಎಕ್ಸೆಲ್ ಹಾಳೆ ಇದ್ದರೆ ಸಾಕು.

1. ಮೊದಲು ಹಳೇ ಪದ್ಧತಿಯೋ ಹೊಸ ಪದ್ಧತಿಯೋ ತೀರ್ಮಾನಿಸಿ

80ಸಿ ಎಂದರೆ ಪಿಎಫ್, ಪಿಪಿಎಫ್, ವಿಮೆ ಕಂತು ಮುಂತಾದವನ್ನು ಸೇರಿಸಿ ವರ್ಷಕ್ಕೆ ಗರಿಷ್ಠ 1,50,000 ರೂಪಾಯಿಯನ್ನು ಆದಾಯದಿಂದ ಕಳೆಯಲು ಬಿಡುವ ನಿಯಮ. ಇದು ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ನೀವು ಏನೂ ಹೇಳದಿದ್ದರೆ ನಿಮ್ಮನ್ನು ಹೊಸ ಪದ್ಧತಿಗೇ ಸೇರಿಸುತ್ತಾರೆ. ಅಲ್ಲಿ ನೀವು ಹತ್ತು ಪಾಲಿಸಿ ಕಟ್ಟಿದರೂ ಒಂದು ರೂಪಾಯಿ ತೆರಿಗೆ ಕಡಿಮೆಯಾಗುವುದಿಲ್ಲ.

ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಅಂದರೆ ದಾಖಲೆ ಕೇಳದೆ ಕಳೆಯುವ ಮೊತ್ತ. ಅದನ್ನು ಕಳೆದ ಮೇಲೆ ಆದಾಯ 12 ಲಕ್ಷ ದಾಟದಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಅಂದರೆ ವರ್ಷಕ್ಕೆ 12,75,000 ರೂಪಾಯಿವರೆಗೆ ಸಂಬಳವಿದ್ದು ಬೇರೆ ಆದಾಯ ಇಲ್ಲದವರಿಗೆ ಉಳಿಸಲು ತೆರಿಗೆಯೇ ಇಲ್ಲ. (ಷೇರು, ಮ್ಯೂಚುವಲ್ ಫಂಡ್ ಮಾರಿದ ಲಾಭಕ್ಕೆ ಬೇರೆ ದರ ಇದೆ, ಅದಕ್ಕೆ ಈ ರಿಬೇಟ್ ಸಿಗದು.) ಮಂಡ್ಯದಲ್ಲಿ 10 ಲಕ್ಷ ಸಂಬಳದ ಸರ್ಕಾರಿ ಶಿಕ್ಷಕರಿಗೆ ರಾಜ್ಯ ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿಯ ಕಂತು ಹೇಗೂ ಸಂಬಳದಲ್ಲೇ ಕಡಿತವಾಗುತ್ತದೆ, ಅದು ಕಡ್ಡಾಯ. ಅದರ ಮೇಲೆ "80ಸಿ ತುಂಬಿಸಲು" ಎಂದು ಇನ್ನೊಂದು ಪಾಲಿಸಿ ಮಾಡಿಸುವುದರಲ್ಲಿ ಅರ್ಥವಿಲ್ಲ. ಈ ಗುಂಪಿನವರು 2 ಮತ್ತು 3ನೇ ಹಂತ ಬಿಟ್ಟು ನೇರ 4ಕ್ಕೆ ಹೋಗಬಹುದು.

12.75 ಲಕ್ಷ ದಾಟಿದವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಬೇಕು. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲೇ ಇದಕ್ಕೆ ಕ್ಯಾಲ್ಕುಲೇಟರ್ ಇದೆ. ಹಳೇ ಪದ್ಧತಿ ಗೆಲ್ಲಬೇಕಾದರೆ 80ಸಿ ಒಂದರಿಂದ ಆಗುವುದಿಲ್ಲ. 15 ಲಕ್ಷ ಸಂಬಳದವರನ್ನು ತೆಗೆದುಕೊಳ್ಳಿ. ಅಲ್ಲಿ ಹೊಸ ಪದ್ಧತಿಯ ತೆರಿಗೆಗೆ ಸರಿಸಮ ಬರಬೇಕಾದರೂ ಹಳೇ ಪದ್ಧತಿಯ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು 5.44 ಲಕ್ಷದ ಕಡಿತಗಳು ಬೇಕು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಮತ್ತು ಮನೆ ಸಾಲದ ಬಡ್ಡಿ ಎರಡೂ ಇಲ್ಲದವರಿಗೆ ಅಷ್ಟು ಕೂಡುವುದು ಅಪರೂಪ.

ಕೂಡುವ ಒಂದು ಪ್ರಕರಣ ನೋಡೋಣ, ನಮ್ಮ ಕಡೆ ಇಂಥವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಬೆಂಗಳೂರಿನಲ್ಲಿ, ಅಲ್ಲಿ ಬಾಡಿಗೆ ಮನೆ. ಮೈಸೂರಿನ ಬೋಗಾದಿಯಲ್ಲಿ ಸಾಲ ಮಾಡಿ ಕಟ್ಟಿಸಿದ ಸ್ವಂತ ಮನೆ, ಅದರಲ್ಲಿ ತಂದೆ-ತಾಯಿ ಇದ್ದಾರೆ. ಸಂಬಳ 15 ಲಕ್ಷ, ಅದರಲ್ಲಿ ಮೂಲ ವೇತನ 6 ಲಕ್ಷ. ಬಾಡಿಗೆ ಭತ್ಯೆಯ ವಿನಾಯಿತಿ 2.4 ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ 25,000. ವೃತ್ತಿ ತೆರಿಗೆಯಂಥ ಚಿಲ್ಲರೆ ಬಿಟ್ಟರೆ, ಹಳೇ ಪದ್ಧತಿಯಲ್ಲಿ 80ಸಿಗೆ ಮೊದಲು ಉಳಿಯುವ ಆದಾಯ 9.85 ಲಕ್ಷ. ಹೊಸ ಪದ್ಧತಿಯಲ್ಲಿ ಇವರ ತೆರಿಗೆ ಸೆಸ್ ಸೇರಿ 97,500 ರೂಪಾಯಿ. ಈ ಅಂಕಿ ಒಂದು ಕಡೆ ಬರೆದಿಡಿ.

2. ಈಗಾಗಲೇ ತುಂಬಿರುವ ಜಾಗ ಎಣಿಸಿ

ಹೆಚ್ಚಿನವರು ತಪ್ಪುವುದು ಇಲ್ಲಿ. ಏಜೆಂಟರು "1.5 ಲಕ್ಷ ಇದೆ ಸಾರ್" ಎನ್ನುತ್ತಾರೆ, ಅದರಲ್ಲಿ ಎಷ್ಟು ಆಗಲೇ ತುಂಬಿದೆ ಎಂದು ಕೇಳುವುದಿಲ್ಲ.

ಸಂಬಳದ ಚೀಟಿಯಲ್ಲಿ ನಿಮ್ಮ ಪಾಲಿನ ಪಿಎಫ್ ನೋಡಿ, 12ರಿಂದ ಗುಣಿಸಿ. ಕಂಪನಿಯವರು ಹಾಕುವ ಪಾಲು ಇದರಲ್ಲಿ ಸೇರುವುದಿಲ್ಲ. ರಾಜ್ಯ ಸರ್ಕಾರಿ ನೌಕರರು ಕೆಜಿಐಡಿ, ಗುಂಪು ವಿಮೆ, ಎನ್‌ಪಿಎಸ್‌ನಲ್ಲಿ ತಮ್ಮ ಪಾಲು ಸೇರಿಸಬೇಕು. ಆಮೇಲೆ ಮನೆ ಸಾಲದ ಅಸಲು. ಬಡ್ಡಿ ಬೇರೆ ಶೀರ್ಷಿಕೆಯಡಿ ಹೋಗುತ್ತದೆ, ಎರಡನ್ನೂ ಇಲ್ಲಿ ಬೆರೆಸಬೇಡಿ. ಆಮೇಲೆ ಇಬ್ಬರು ಮಕ್ಕಳವರೆಗಿನ ಬೋಧನಾ ಶುಲ್ಕ. ರಸೀದಿಯಲ್ಲಿ "ಟ್ಯೂಷನ್ ಫೀ" ಎಂದು ಇರುವಷ್ಟೇ ಲೆಕ್ಕಕ್ಕೆ ಬರುತ್ತದೆ. ವಂತಿಗೆ, ಬಸ್ಸು, ಸಮವಸ್ತ್ರ ಬರುವುದಿಲ್ಲ. ಇಷ್ಟರಲ್ಲೇ 1.5 ಲಕ್ಷ ದಾಟಿದರೆ ನಿಮ್ಮ ಕೆಲಸ ಮುಗಿಯಿತು, ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಶುಲ್ಕವನ್ನು ಜಾಗ ಖಾಲಿ ಇರುವವರ ಖಾತೆಯಿಂದ ಕಟ್ಟಿ.

ನಮ್ಮ ಬೋಗಾದಿ ಮನೆಯವರಿಗೆ ಪಿಎಫ್ ಮೂಲ ವೇತನದ ಶೇ 12, ಅಂದರೆ 72,000. ಸಾಲದ ಅಸಲು 60,000. ಒಟ್ಟು 1,32,000. ಮಕ್ಕಳಿನ್ನೂ ಶಾಲೆಗೆ ಸೇರಿಲ್ಲ. ಖಾಲಿ ಜಾಗ 18,000 ರೂಪಾಯಿ. ಏನೂ ಹೊಸದಾಗಿ ಕೊಳ್ಳದೆ ಇದ್ದರೂ ಹಳೇ ಪದ್ಧತಿಯಲ್ಲಿ ಇವರ ತೆರಿಗೆ 86,424ಕ್ಕೆ ಇಳಿದಿದೆ, ಹೊಸದಕ್ಕಿಂತ 11,000 ಕಡಿಮೆ.

ಈಗ ಅವರ ಮುಂದೆ 60,000 ರೂಪಾಯಿ ವಾರ್ಷಿಕ ಕಂತಿನ, 20 ವರ್ಷದ ಪಾಲಿಸಿಯೊಂದು ಬಂದಿದೆ ಎಂದುಕೊಳ್ಳಿ. ಅದರಲ್ಲಿ 18,000 ಮಾತ್ರ 80ಸಿಗೆ ಉಪಯೋಗ. ಇವರ ತೆರಿಗೆ ದರ ಶೇ 20, ಸೆಸ್ ಸೇರಿ 20.8. ಉಳಿಯುವ ತೆರಿಗೆ 3,744 ರೂಪಾಯಿ. ತಿಂಗಳಿಗೆ 312 ರೂಪಾಯಿಯ ಉಳಿತಾಯಕ್ಕೆ ವರ್ಷಕ್ಕೆ 60,000ದಂತೆ 20 ವರ್ಷ ಕೈ ಕಟ್ಟಿಸಿಕೊಳ್ಳುವ ವ್ಯವಹಾರ ಇದು. "18,000 ತೆರಿಗೆ ಉಳಿಯುತ್ತೆ" ಎಂದು ಯಾರಾದರೂ ಹೇಳಿದರೆ ಅವರು 60,000ಕ್ಕೂ ಶೇ 30ರ ದರ ಹಿಡಿದಿದ್ದಾರೆ. ಆ ದರ ಹಳೇ ಪದ್ಧತಿಯಲ್ಲಿ 10 ಲಕ್ಷ ದಾಟಿದ ಆದಾಯಕ್ಕೆ ಮಾತ್ರ.

3. ಖಾಲಿ ಜಾಗವನ್ನಷ್ಟೇ ತುಂಬಿಸಿ

ಮನೆಯವರು ನಿಮ್ಮ ದುಡಿಮೆಯನ್ನೇ ನಂಬಿದ್ದರೆ ಮೊದಲ ಹಕ್ಕು ಟರ್ಮ್ ವಿಮೆಗೆ. ಇದರಲ್ಲಿ ಅವಧಿಯೊಳಗೆ ತೀರಿಕೊಂಡರೆ ಹಣ ಬರುತ್ತದೆ, ಬದುಕಿದ್ದರೆ ಏನೂ ಬರುವುದಿಲ್ಲ. "ಏನೂ ಬರಲ್ವಂತೆ" ಎಂದು ಜನ ಮೂಗು ಮುರಿಯುತ್ತಾರೆ, ಕಂತು ಅಷ್ಟು ಕಡಿಮೆ ಇರುವುದೇ ಅದರಿಂದ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ.

ಉಳಿದಿದ್ದಕ್ಕೆ ಪಿಪಿಎಫ್. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದು, ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ. 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1, ಅದಕ್ಕೆ ತೆರಿಗೆ ಇಲ್ಲ. ಅವಧಿ 15 ವರ್ಷ, ನಡುವೆ 7ನೇ ವರ್ಷದಿಂದ ಭಾಗಶಃ ತೆಗೆಯಬಹುದು. ಅವಧಿ ಉದ್ದವಿದ್ದರೂ ಪಾಲಿಸಿಯ ಹಾಗೆ ಪ್ರತಿ ವರ್ಷ ಇಷ್ಟೇ ಕಟ್ಟಬೇಕೆಂಬ ಬಲವಂತ ಇಲ್ಲ. ಕೈ ಬಿಗಿಯಾದ ವರ್ಷ 500 ಹಾಕಿ ಸುಮ್ಮನಿರಬಹುದು. ಹಣ ಹಾಕುವುದಾದರೆ ತಿಂಗಳ 5ನೇ ತಾರೀಖಿನೊಳಗೆ ಹಾಕಿ. 5ರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕವಾಗುವುದರಿಂದ 6ನೇ ತಾರೀಖು ಹಾಕಿದರೆ ಆ ತಿಂಗಳ ಬಡ್ಡಿ ಹೋದಂತೆ. ಹತ್ತು ವರ್ಷದೊಳಗಿನ ಹೆಣ್ಣು ಮಗು ಇದ್ದರೆ ಸುಕನ್ಯಾ ಸಮೃದ್ಧಿ ಇನ್ನೂ ಒಳ್ಳೆಯದು.

ಷೇರು ಮಾರುಕಟ್ಟೆಯ ಏರಿಳಿತ ತಡೆಯಬಲ್ಲವರಿಗೆ ಇಎಲ್‌ಎಸ್‌ಎಸ್ ಎಂಬ ತೆರಿಗೆ ಉಳಿತಾಯದ ಮ್ಯೂಚುವಲ್ ಫಂಡ್ ಇದೆ. ಅದಕ್ಕೆ 3 ವರ್ಷದ ಬೀಗ. ತಿಂಗಳು ತಿಂಗಳು ಹಾಕುವವರು ಗಮನಿಸಿ: ಪ್ರತಿ ಕಂತಿಗೂ ಬೇರೆ ಬೇರೆ 3 ವರ್ಷ. ಮಾರ್ಚ್‌ನ ಕಂತು ಬಿಡುಗಡೆಯಾಗುವುದು ಮೂರು ವರ್ಷ ಬಿಟ್ಟು ಮಾರ್ಚ್‌ಗೇ. ಇನ್ನು 5 ವರ್ಷದ ತೆರಿಗೆ ಉಳಿತಾಯದ ಎಫ್‌ಡಿಯನ್ನು ಬ್ಯಾಂಕಿನವರು ಬಹಳ ಹೊಗಳುತ್ತಾರೆ. ಅದನ್ನು ನಡುವೆ ಮುರಿಯುವ ಹಾಗಿಲ್ಲ, ಅದರ ಮೇಲೆ ಸಾಲವೂ ಇಲ್ಲ, ಬಡ್ಡಿಗೆ ಪ್ರತಿ ವರ್ಷ ತೆರಿಗೆ ಬೇರೆ. ನಿವೃತ್ತಿಯ ಹೊಸ್ತಿಲಲ್ಲಿ ಇಲ್ಲದವರಿಗೆ ಅದನ್ನು ಹೇಳಲು ಮನಸ್ಸು ಬರುವುದಿಲ್ಲ.

4. ಯಾವ ಪಾಲಿಸಿ ಬಂದರೂ ಒಂದು ಸೂತ್ರದಿಂದ ಅಳೆಯಿರಿ

ಉಳಿತಾಯ ಮತ್ತು ವಿಮೆ ಬೆರೆತ ಪಾಲಿಸಿಗೆ ಎಂಡೋಮೆಂಟ್ ಎನ್ನುತ್ತಾರೆ. ಮೇಲಿನ 60,000 ಕಂತಿನ ಪಾಲಿಸಿಯನ್ನೇ ನೋಡಿ. ಉದಾಹರಣೆಗೆ ವಿಮಾ ಮೊತ್ತ 12 ಲಕ್ಷ, ಬೋನಸ್ ಸಾವಿರಕ್ಕೆ 45 ರೂಪಾಯಿ ಎಂದಿಟ್ಟುಕೊಳ್ಳೋಣ. ಆ "ಸಾವಿರ" ಎಂಬುದು ವಿಮಾ ಮೊತ್ತದ ಸಾವಿರ, ಹಾಗಾಗಿ ವರ್ಷಕ್ಕೆ 54,000 ಬೋನಸ್. ಕೇಳಲು "60,000 ಕಟ್ಟಿದರೆ 54,000 ಬೋನಸ್ಸಾ!" ಎನಿಸುತ್ತದೆ. ಆದರೆ ಆ 54,000 ಕೈಗೆ ಸಿಗುವುದು 20 ವರ್ಷದ ಕೊನೆಗೆ, ಮತ್ತು ನಡುವೆ ಆ ಬೋನಸ್ಸಿಗೆ ಬಡ್ಡಿ ಬೆಳೆಯುವುದಿಲ್ಲ. 20 ವರ್ಷದ ಬೋನಸ್ 10.8 ಲಕ್ಷ, ವಿಮಾ ಮೊತ್ತ 12 ಲಕ್ಷ, ಒಟ್ಟು 22.8 ಲಕ್ಷ. ಕಟ್ಟಿದ್ದು 12 ಲಕ್ಷ. "ಹತ್ತಿರ ಹತ್ತಿರ ಡಬಲ್" ಎಂಬ ಮಾತು ಹುಟ್ಟುವುದು ಹೀಗೆ.

ಎಕ್ಸೆಲ್‌ನ ಯಾವುದಾದರೂ ಖಾನೆಯಲ್ಲಿ ಇದನ್ನು ಬರೆಯಿರಿ:

```
=RATE(20,-60000,0,2280000,1)
```

ಮೊದಲ ಅಂಕಿ ಎಷ್ಟು ವರ್ಷ, ಎರಡನೆಯದು ವಾರ್ಷಿಕ ಕಂತು (ಹೋಗುವ ಹಣವಾದ್ದರಿಂದ ಮೈನಸ್), ನಾಲ್ಕನೆಯದು ಕೊನೆಗೆ ಬರುವ ಮೊತ್ತ. ಕೊನೆಯ 1 ಎಂದರೆ ಕಂತನ್ನು ವರ್ಷದ ಆರಂಭದಲ್ಲಿ ಕಟ್ಟುತ್ತೇವೆ ಎಂದು. ಮೈನಸ್ ಮರೆತರೆ ಉತ್ತರದ ಬದಲು ದೋಷ ತೋರಿಸುತ್ತದೆ. ಇಲ್ಲಿ ಬರುವ ಉತ್ತರ ಶೇ 5.8ರ ಆಸುಪಾಸು. ಖಾನೆ ಬರೀ 6% ಎಂದು ತೋರಿಸಿದರೆ ದಶಮಾಂಶ ಹೆಚ್ಚಿಸಿ ನೋಡಿ. ಅದೇ 60,000 ಅದೇ 20 ವರ್ಷ ಶೇ 7.1ರ ಪಿಪಿಎಫ್‌ನಲ್ಲಿದ್ದರೆ ಸುಮಾರು 26.6 ಲಕ್ಷವಾಗುತ್ತದೆ. ವ್ಯತ್ಯಾಸ 3.8 ಲಕ್ಷ. ಅದರಲ್ಲಿ ಟರ್ಮ್ ವಿಮೆಯ ಖರ್ಚು ಕಳೆಯಬೇಕು, ಅದು ನ್ಯಾಯ. ಆದರೆ 15 ಲಕ್ಷ ಸಂಬಳದ ಮನೆಗೆ 12 ಲಕ್ಷದ ವಿಮೆ ಒಂದು ವರ್ಷದ ಸಂಬಳಕ್ಕೂ ಸಾಲದು ಎಂಬುದನ್ನೂ ಎಣಿಸಬೇಕು.

ನಡುನಡುವೆ ಹಣ ಕೊಡುವ ಮನಿಬ್ಯಾಕ್, "ಖಾತ್ರಿ ಆದಾಯ" ಪಾಲಿಸಿಗಳಿಗೆ RATE ಸಾಲದು. ಒಂದು ಕಂಬಸಾಲಿನಲ್ಲಿ ವರ್ಷವಾರು ಹೋಗುವ ಹಣವನ್ನು ಮೈನಸ್ ಆಗಿ, ಬರುವುದನ್ನು ಹಾಗೇ ಬರೆದು, ಕೆಳಗೆ `=IRR(A1:A21)` ಎಂದು ಹಾಕಿ, ನಿಮ್ಮ ಸಾಲುಗಳಿಗೆ ತಕ್ಕಂತೆ 21 ಬದಲಿಸಿ.

ಏಜೆಂಟರು ತೋರಿಸುವ ಹಾಳೆಯಲ್ಲಿ 4% ಮತ್ತು 8% ಎಂಬ ಎರಡು ಕಂಬಗಳಿರುತ್ತವೆ. ಅದು ನಿಮಗೆ ಬರುವ ಬಡ್ಡಿಯಲ್ಲ. ಕಂಪನಿಯ ಹೂಡಿಕೆ ಅಷ್ಟು ಗಳಿಸಿದರೆ ಎಂಬ ಊಹೆ ಅದು, ಖರ್ಚು-ಕಮಿಷನ್ ಕಳೆದು ನಿಮಗೆ ಬರುವುದು ಅದಕ್ಕಿಂತ ಕಡಿಮೆ. ಎರಡೂ ಕಂಬದ ಕೊನೆಯ ಮೊತ್ತವನ್ನು ಸೂತ್ರದಲ್ಲಿ ಹಾಕಿ ನೋಡಿ, ನಿಜ ಹೊರಬರುತ್ತದೆ. ಇನ್ನೊಂದು: ವಾರ್ಷಿಕ ಕಂತು ವಿಮಾ ಮೊತ್ತದ ಶೇ 10ನ್ನು ಮೀರಿದರೆ ಮೀರಿದ ಭಾಗಕ್ಕೆ 80ಸಿ ಸಿಗದು, ಕೊನೆಗೆ ಬರುವ ಹಣಕ್ಕೂ ತೆರಿಗೆ ಬೀಳಬಹುದು. ಒಂದೇ ಸಲ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವ ಪಾಲಿಸಿಗಳಲ್ಲಿ ಇದನ್ನು ಮೊದಲು ನೋಡಿ.

5. ಆಗಲೇ ಮಾಡಿಸಿದ್ದರೆ

ಬಾಂಡ್ ಕೈಸೇರಿ 30 ದಿನ ಆಗಿಲ್ಲದಿದ್ದರೆ ದಾರಿ ಸುಲಭ. ಇದಕ್ಕೆ ಫ್ರೀ ಲುಕ್ ಅವಧಿ ಎನ್ನುತ್ತಾರೆ. "ಷರತ್ತು ಒಪ್ಪಿಗೆಯಿಲ್ಲ, ಪಾಲಿಸಿ ರದ್ದು ಮಾಡಿ" ಎಂದು ವಿಮಾ ಕಂಪನಿಗೇ ಇಮೇಲ್ ಮಾಡಿ, ಶಾಖೆಯಲ್ಲೂ ಒಂದು ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ವೈದ್ಯಕೀಯ ಪರೀಕ್ಷೆ, ಸ್ಟಾಂಪು, ಅಷ್ಟು ದಿನದ ವಿಮೆಯ ಖರ್ಚು ಕಳೆದು ಉಳಿದದ್ದು ವಾಪಸ್ ಬರುತ್ತದೆ. ಏಜೆಂಟರ ಮೂಲಕ ಹೋಗಬೇಡಿ. "ನೋಡೋಣ ಇರಿ" ಎನ್ನುತ್ತಲೇ 30 ದಿನ ಕಳೆದುಹೋಗುತ್ತದೆ. ಕಂಪನಿ ಸ್ಪಂದಿಸದಿದ್ದರೆ ವಿಮಾ ನಿಯಂತ್ರಕರ ಬಿಮಾ ಭರೋಸಾ ಸಹಾಯವಾಣಿ 155255 ಇದೆ. ಬ್ಯಾಂಕಿಗೆ ಎಫ್‌ಡಿ ಮಾಡಿಸಲು ಹೋದ ತಂದೆ-ತಾಯಿಯ ಕೈಗೆ ಪಾಲಿಸಿ ಬಂದಿದೆಯೇ ಎಂದೂ ನೋಡಿ. ಕಾಗದದಲ್ಲಿ "ಪ್ರೀಮಿಯಂ ಪಾವತಿ ಅವಧಿ" ಎಂದಿದ್ದರೆ ಅದು ಎಫ್‌ಡಿ ಅಲ್ಲ.

30 ದಿನ ದಾಟಿದ್ದರೆ ಲೆಕ್ಕ ಹಾಕಿಯೇ ಹೊರಡಬೇಕು. "ಕೆಟ್ಟ ಪಾಲಿಸಿ, ತಕ್ಷಣ ಸರೆಂಡರ್ ಮಾಡಿ" ಎಂಬ ಸಲಹೆ ಎಲ್ಲರಿಗೂ ಸರಿಯಲ್ಲ. ಸರೆಂಡರ್ ಎಂದರೆ ಪಾಲಿಸಿಯನ್ನು ಹಿಂದಿರುಗಿಸಿ ಕಂಪನಿ ಕೊಟ್ಟಷ್ಟು ತೆಗೆದುಕೊಳ್ಳುವುದು. ಪೇಡ್-ಅಪ್ ಎಂದರೆ ಕಂತು ನಿಲ್ಲಿಸಿ, ಕಟ್ಟಿದಷ್ಟಕ್ಕೆ ತಕ್ಕ ಮೊತ್ತವನ್ನು ಅವಧಿ ಮುಗಿದಾಗ ಪಡೆಯುವುದು. ನಮ್ಮ ಪಾಲಿಸಿಯನ್ನೇ ಬೇರೆ ಬೇರೆ ಹಂತದಲ್ಲಿ ನೋಡೋಣ.

ಒಂದೇ ಕಂತು ಕಟ್ಟಿದ್ದಾರೆ ಎಂದುಕೊಳ್ಳಿ. ಆ 60,000 ಪೂರ್ತಿ ಹೋಯಿತೆಂದೇ ಬಿಟ್ಟು ಮುಂದಿನ 19 ವರ್ಷ ಪಿಪಿಎಫ್‌ಗೆ ಹಾಕಿದರೂ ಸುಮಾರು 24.3 ಲಕ್ಷವಾಗುತ್ತದೆ. ಮುಂದುವರಿಸಿದರೆ ಬರುವುದು 22.8. ಬಿಡುವುದೇ ಸರಿ.

ಮೂರು ಕಂತು ಕಟ್ಟಿದ್ದರೆ ಕಥೆ ಬೇರೆ. ಮೂರನೇ ವರ್ಷದಲ್ಲಿ ಖಾತ್ರಿ ಸರೆಂಡರ್ ಮೌಲ್ಯ ಕಟ್ಟಿದ್ದರ ಶೇ 35, ಅಂದರೆ 63,000. ಅದನ್ನೂ ಮುಂದಿನ 17 ಕಂತುಗಳನ್ನೂ ಶೇ 7.1ರಲ್ಲಿ ಬೆಳೆಸಿದರೆ ಸುಮಾರು 22 ಲಕ್ಷ. ಮುಂದುವರಿಸುವುದು ಕೂದಲೆಳೆಯಷ್ಟು ಮೇಲು. ಐದು ಕಂತಾದ ಮೇಲೆ ಪೇಡ್-ಅಪ್ ಮಾಡಿದರೆ ವಿಮಾ ಮೊತ್ತ 20ರಲ್ಲಿ 5 ಪಾಲಿಗೆ, ಅಂದರೆ 3 ಲಕ್ಷಕ್ಕೆ ಇಳಿಯುತ್ತದೆ. ಸೇರಿದ ಬೋನಸ್ 2.7 ಲಕ್ಷ ಉಳಿಯುತ್ತದೆ. 15 ವರ್ಷದ ಪಿಪಿಎಫ್ ಮೊತ್ತ 16.3 ಲಕ್ಷ ಸೇರಿಸಿದರೆ ಒಟ್ಟು 22 ಲಕ್ಷ. ಮುಂದುವರಿಸಿದರೆ 22.8.

ಏಕೆ ಹೀಗೆ? ಕಮಿಷನ್ ಮತ್ತು ಖರ್ಚಿನ ಪೆಟ್ಟು ಮೊದಲ ಎರಡು-ಮೂರು ವರ್ಷದಲ್ಲೇ ಬಿದ್ದು ಮುಗಿದಿರುತ್ತದೆ. ಉಳಿದ ಕಂತುಗಳ ಮಟ್ಟಿಗೆ ನೋಡಿದರೆ ಪಾಲಿಸಿಯ ಗಳಿಕೆ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಹಳೆಯ ಪಾಲಿಸಿ ಬಿಡುವುದಾದರೆ "ಶೇ 5.8 ಮಾತ್ರ" ಎಂಬುದಷ್ಟೇ ಕಾರಣವಾಗಬಾರದು. ಕಂತು ಕಟ್ಟಲು ಸಾಲ ಮಾಡುತ್ತಿದ್ದೀರಿ, ಅಥವಾ ಕ್ರೆಡಿಟ್ ಕಾರ್ಡ್ ಬಾಕಿಯಿದೆ ಎಂದಾದರೆ ಬಿಡುವುದು ನ್ಯಾಯ. 2024ರ ಅಕ್ಟೋಬರ್‌ನಿಂದ ಬಂದ ನಿಯಮದಲ್ಲಿ ಹೊಸ ಪಾಲಿಸಿಗಳಿಗೆ ಒಂದು ವರ್ಷದ ಕಂತು ಕಟ್ಟಿದ ಮೇಲೆಯೇ ವಿಶೇಷ ಸರೆಂಡರ್ ಮೌಲ್ಯ ಸಿಗಬೇಕು. ಅದು ಖಾತ್ರಿ ಮೌಲ್ಯಕ್ಕಿಂತ ಹೆಚ್ಚಿರಬಹುದು. ಹಾಗಾಗಿ ಶಾಖೆಯಿಂದ ಸರೆಂಡರ್ ಮತ್ತು ಪೇಡ್-ಅಪ್ ಎರಡರ ಅಂಕಿಯನ್ನೂ ಲಿಖಿತವಾಗಿ ತರಿಸಿಕೊಂಡು ಮೇಲಿನ ಹಾಗೆ ಲೆಕ್ಕ ಹಾಕಿ.

ಬಿಡುವ ಮುನ್ನ ಎರಡು ಎಚ್ಚರಿಕೆ. ಟರ್ಮ್ ವಿಮೆಯ ಬಾಂಡ್ ಕೈಗೆ ಬರುವ ತನಕ ಹಳೆಯದನ್ನು ರದ್ದು ಮಾಡಬೇಡಿ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿಕೊಂಡು ಹೊಸ ವಿಮೆ ನಿರಾಕರಣೆಯಾದರೆ ಇದ್ದದ್ದೂ ಹೋಗುತ್ತದೆ. ಮತ್ತೊಂದು, ಎರಡು ವರ್ಷದ ಕಂತು ಪೂರ್ತಿ ಕಟ್ಟುವ ಮೊದಲು ಪಾಲಿಸಿ ನಿಲ್ಲಿಸಿದರೆ ಹಿಂದೆ 80ಸಿಯಲ್ಲಿ ಕಳೆದ ಮೊತ್ತ ಆ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಯುಲಿಪ್‌ಗೆ, ಅಂದರೆ ಷೇರು ಮಾರುಕಟ್ಟೆಗೆ ಜೋಡಿಸಿದ ವಿಮೆಗೆ, ಈ ಅವಧಿ ಐದು ವರ್ಷ. ನಮ್ಮ ಉದಾಹರಣೆಯಲ್ಲಿ ವಾಪಸ್ ಹೋಗುವುದು ಆ 3,744 ಮಾತ್ರ, ಹೆದರಬೇಕಿಲ್ಲ.

6. ದಾಖಲೆ ಕೊಡುವ ದಿನ

ಆಫೀಸಿಗೆ ಕೊಡುವ ಘೋಷಣೆ ಫಾರಂ 12ಬಿಬಿ. ಅವರ ಕೊನೆ ದಿನಾಂಕ ಜನವರಿಯೋ ಫೆಬ್ರವರಿಯೋ ಆಗಿರಬಹುದು, ಅದು ಆಫೀಸಿನ ಅನುಕೂಲಕ್ಕೆ. ಕಾನೂನಿನ ಗಡುವು ಮಾರ್ಚ್ 31. ಅಷ್ಟರೊಳಗೆ ಹಣ ಕಟ್ಟಿದ್ದರೆ ಸಾಕು. ಆಫೀಸಿನವರು ಹೆಚ್ಚು ತೆರಿಗೆ ಹಿಡಿದುಕೊಂಡರೂ ರಿಟರ್ನ್ಸ್‌ನಲ್ಲಿ ತೋರಿಸಿ ವಾಪಸ್ ಪಡೆಯಬಹುದು. ಅಂದರೆ "ನಾಳೆಯೇ ಕೊನೆ ದಿನ" ಎಂಬ ಕಾರಣಕ್ಕೆ ಇವತ್ತು ಸಹಿ ಹಾಕಬೇಕಿಲ್ಲ. ಬೋಗಾದಿ ಮನೆಯವರು ಆ 18,000ಕ್ಕೆ ಟರ್ಮ್ ವಿಮೆ ಮತ್ತು ಪಿಪಿಎಫ್ ಎರಡನ್ನೂ ಮಾರ್ಚ್‌ನಲ್ಲಿ ನಿಧಾನವಾಗಿ ಮಾಡಬಹುದು. ಕೊನೆಯ ದಿನಕ್ಕೆ ಬಿಡಬೇಡಿ, ಬ್ಯಾಂಕ್ ವರ್ಗಾವಣೆ ತಡವಾಗಿ ಏಪ್ರಿಲ್ ತಾರೀಖು ಬಿದ್ದರೆ ಅದು ಮುಂದಿನ ವರ್ಷದ ಲೆಕ್ಕ.

ರಿಟರ್ನ್ಸ್ ತುಂಬುವಾಗ ಪಾಲಿಸಿ ನಂಬರು, ಪಿಪಿಎಫ್ ಖಾತೆ ನಂಬರು ಕೇಳುತ್ತದೆ, ಹತ್ತಿರ ಇಟ್ಟುಕೊಳ್ಳಿ. ಹಳೇ ಪದ್ಧತಿ ಬೇಕೆಂದರೆ ಗಡುವಿನೊಳಗೇ, ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31, ಸಲ್ಲಿಸಬೇಕು. ತಡವಾಗಿ ಸಲ್ಲಿಸಿದರೆ ಹೊಸ ಪದ್ಧತಿಯೇ ಗತಿ, ಬೋಗಾದಿ ಮನೆಯವರು ಆಗ 82,680ರ ಬದಲು 97,500 ಕಟ್ಟಬೇಕಾಗುತ್ತದೆ.